ರೋಗಿಯ ಕೋಣೆಯ ವಾಸನೆ: ಇದ್ದಿಲಿನ ಯಂತ್ರ ಮತ್ತು ಓಝೋನ್ ಯಂತ್ರ

ಶ್ರೀಮಠದ ಭಕ್ತರೊಬ್ಬರು ನಮ್ಮ ಆರೋಗ್ಯ ವಿಭಾಗಕ್ಕೆ ಬರೆದ ಪತ್ರವೊಂದು ಈ ತಿಂಗಳ ಲೇಖನಕ್ಕೆ ಕಾರಣವಾಗಿದೆ. ಅವರ ಅತ್ತೆಯವರು ಪಾರ್ಶ್ವವಾಯುವಿಗೆ ತುತ್ತಾಗಿ ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ; ಜೊತೆಗೆ ಹಳೆಯ ಉಬ್ಬಸವೂ ಇದೆ. ಮಳೆಗಾಲವಾದ್ದರಿಂದ ಕಿಟಕಿ ತೆರೆಯುವಂತಿಲ್ಲ. ಮೂತ್ರದ ವಾಸನೆ, ನೋವಿನ ಎಣ್ಣೆಯ ವಾಸನೆ, ಗೋಡೆಯ ತೇವದ ಮುಗ್ಗಲು ವಾಸನೆ ಒಂದರೊಳಗೊಂದು ಸೇರಿ ಕೋಣೆಯಲ್ಲಿ ನಿಂತುಬಿಟ್ಟಿವೆ. ನೋಡಲು ಬಂದವರು ಬಾಗಿಲಲ್ಲೇ ನಿಂತು ಮಾತನಾಡಿಸಿ ಹೋಗುತ್ತಾರೆ. ಅದು ಅತ್ತೆಯವರಿಗೆ ತಿಳಿಯುತ್ತದೆ, ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ ಎಂದು ಸೊಸೆ ಬರೆದಿದ್ದಾರೆ. ಅಂಗಡಿಯಲ್ಲಿ ಅವರಿಗೆ ಎರಡು ಬಗೆಯ ಯಂತ್ರಗಳನ್ನು ತೋರಿಸಿದ್ದಾರೆ. ಒಂದರಲ್ಲಿ ಕಾರ್ಬನ್ ಫಿಲ್ಟರ್ ಇದೆ. ಇನ್ನೊಂದು ‘ಆಕ್ಟಿವ್ ಆಕ್ಸಿಜನ್’ ಬಿಡುವ ಯಂತ್ರ. ಬೆಲೆಯೂ ಕಡಿಮೆ, ಅರ್ಧ ಗಂಟೆ ಹಚ್ಚಿದರೆ ಸಾಕು, ವಾಸನೆ ಮಾಯ ಎಂದು ಹೇಳಿದ್ದಾರೆ. ಯಾವುದನ್ನು ಕೊಳ್ಳಲಿ ಎಂಬುದು ಪ್ರಶ್ನೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಎರಡನೆಯ ಯಂತ್ರವನ್ನು ಆ ಕೋಣೆಗೆ ಮಾತ್ರವಲ್ಲ, ಮನೆಯ ಹೊಸ್ತಿಲೊಳಗೇ ತರಬಾರದು. ಮೊದಲನೆಯದು ಕೆಲಸ ಮಾಡುತ್ತದೆ, ಆದರೆ ಅದರೊಳಗೆ ಎಷ್ಟು ಇದ್ದಿಲು ಇದೆ, ವಾಸನೆ ಯಾವ ಜಾತಿಯದು ಎಂಬುದರ ಮೇಲೆ ಅದರ ಫಲ ನಿಂತಿದೆ. ಈ ಕೋಣೆಯ ಮುಖ್ಯ ವಾಸನೆಯ ವಿಷಯದಲ್ಲಂತೂ ಸಾಮಾನ್ಯ ಇದ್ದಿಲು ಸೋಲುತ್ತದೆ. ಹೀಗೇಕೆ ಎಂಬುದನ್ನು ತುಸು ವಿವರವಾಗಿ ನೋಡೋಣ.

ವಾಸನೆಯೆಂದರೆ ಅನಿಲ. ಧೂಳಿನ ಕಣ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಕಣವೇ. ಅದನ್ನು ನಾರಿನ ಜಾಲರಿಯಿಂದ ಹಿಡಿಯಬಹುದು. ವಾಯುಶುದ್ಧಿ ಯಂತ್ರಗಳಲ್ಲಿರುವ ‘ಹೆಪಾ’ ಫಿಲ್ಟರ್ ಮಾಡುವುದು ಇದನ್ನೇ. ಅಗರಬತ್ತಿಯ ಹೊಗೆ, ಹೂವಿನ ಪರಾಗ, ರಸ್ತೆಯ ಧೂಳು ಇವೆಲ್ಲ ಅದರಲ್ಲಿ ಸಿಕ್ಕಿಬೀಳುತ್ತವೆ. ಆದರೆ ವಾಸನೆಯನ್ನು ಹೊತ್ತು ತರುವ ಅಣುಗಳು ಆ ಜಾಲರಿಯ ಸಂದುಗಳಿಗಿಂತ ಸಾವಿರಾರು ಪಟ್ಟು ಚಿಕ್ಕವು. ಕಣಗಳಂತೆ ನಾರಿಗೆ ತಗುಲಿ ನಿಲ್ಲುವುದೂ ಇಲ್ಲ. ಆದ್ದರಿಂದ ಅಗರಬತ್ತಿಯ ಹೊಗೆ ಕಣ್ಣಿಗೆ ಕಾಣದಂತೆ ಹೋದರೂ ಅದರ ಪರಿಮಳ ಉಳಿದಿರುತ್ತದೆ. ಯಂತ್ರದ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ಗಾಳಿಶುದ್ಧಿಯ ಅಂಕಿಗಳು ಸಾಮಾನ್ಯವಾಗಿ ಹೊಗೆ, ಧೂಳು, ಪರಾಗಗಳನ್ನು ಹಿಡಿಯುವ ವೇಗವನ್ನು ಹೇಳುತ್ತವೆಯೇ ಹೊರತು ವಾಸನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ವಾಸನೆಯನ್ನು ಹಿಡಿಯಲು ಬೇಕಾದುದು ಇದ್ದಿಲು. ಒಲೆಯ ಸಾಮಾನ್ಯ ಇದ್ದಿಲಲ್ಲ. ತೆಂಗಿನ ಚಿಪ್ಪು, ಕಟ್ಟಿಗೆ ಅಥವಾ ಕಲ್ಲಿದ್ದಲನ್ನು ಸುಟ್ಟು, ಆ ಬಳಿಕ ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಮೇಲೆ ನೀರಿನ ಆವಿ ಹಾಯಿಸಿ ತಯಾರಿಸಿದ್ದು. ಈ ಸಂಸ್ಕಾರದಿಂದ ಇದ್ದಿಲಿನ ಒಡಲೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಒಂದೇ ಒಂದು ಗ್ರಾಂ ಇದ್ದಿಲಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಲು ಸಾಧ್ಯವಾದರೆ ಅದು ಸುಮಾರು ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ನೆಲದಷ್ಟಾಗುತ್ತದೆ. ಗಾಳಿ ಹಾದುಹೋಗುವಾಗ ವಾಸನೆಯ ಅಣುಗಳು ಈ ಗೋಡೆಗಳಿಗೆ ಅಂಟಿಕೊಂಡು ಉಳಿಯುತ್ತವೆ. ಇದ್ದಿಲು ಅವನ್ನು ನಾಶಮಾಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ಈ ವ್ಯತ್ಯಾಸ ನೆನಪಿನಲ್ಲಿರಲಿ, ಮುಂದೆ ಇದರಿಂದಲೇ ಹಲವು ಸಂಗತಿಗಳು ಹುಟ್ಟುತ್ತವೆ.

ಅಂಟಿಕೊಳ್ಳುವ ಗುಣ ಎಲ್ಲ ಅಣುಗಳಿಗೂ ಸಮನಾಗಿಲ್ಲ. ಭಾರವಾದ, ಬೇಗ ಆವಿಯಾಗದ ಅಣುಗಳು ಇದ್ದಿಲಿಗೆ ಗಟ್ಟಿಯಾಗಿ ಅಂಟುತ್ತವೆ. ನೋವಿನ ಎಣ್ಣೆಯ ಘಾಟು, ಬಣ್ಣದ ವಾಸನೆ, ಕರಿದ ಎಣ್ಣೆಯ ಕಮಟು, ಗೋಡೆಯ ಬೂಸ್ಟಿನಿಂದ ಬರುವ ಮುಗ್ಗಲು ಇವೆಲ್ಲ ಬಹುಮಟ್ಟಿಗೆ ಈ ವರ್ಗಕ್ಕೆ ಸೇರಿದವು. ಹಗುರವಾದ ಅಣುಗಳು ಹಾಗಲ್ಲ, ತಗುಲಿದಂತೆ ತಗುಲಿ ಜಾರಿಹೋಗುತ್ತವೆ. ಮೂತ್ರದ ಘಾಟಿಗೆ ಕಾರಣವಾದ ಅಮೋನಿಯಾ, ಚರಂಡಿಯಿಂದ ಏಳುವ ಕೊಳೆತ ಮೊಟ್ಟೆಯಂಥ ವಾಸನೆಯ ಹೈಡ್ರೋಜನ್ ಸಲ್ಫೈಡ್, ಹೊಸ ಪ್ಲೈವುಡ್ ಕಪಾಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಈ ಎರಡನೆಯ ವರ್ಗದವು. ಇವನ್ನು ಹಿಡಿಯಬೇಕಾದರೆ ಇದ್ದಿಲಿಗೆ ಬೇರೆ ರಾಸಾಯನಿಕದ ಲೇಪ ಬೇಕು. ಅಮೋನಿಯಾಕ್ಕೆ ಆಮ್ಲದ ಲೇಪವಾದರೆ, ಉಳಿದೆರಡಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸವರಿದ ಗುಂಡುಗಳನ್ನು ಇದ್ದಿಲಿನೊಂದಿಗೆ ಬೆರೆಸುತ್ತಾರೆ. ಅಂಗಡಿಯ ಸಾಮಾನ್ಯ ಯಂತ್ರದಲ್ಲಿ ಇಂಥ ಲೇಪ ಇರುತ್ತದೆಂದು ಭಾವಿಸುವಂತಿಲ್ಲ. ಇದ್ದರೆ ತಯಾರಕರು ಅದನ್ನು ಖಂಡಿತ ಬರೆದಿರುತ್ತಾರೆ, ಏಕೆಂದರೆ ಅದಕ್ಕೆ ಹೆಚ್ಚು ಬೆಲೆ ಕೇಳಬಹುದು.

ಎರಡನೆಯ ಮಿತಿ ತೂಕದ್ದು. ಅನೇಕ ಯಂತ್ರಗಳಲ್ಲಿ ‘ಕಾರ್ಬನ್ ಫಿಲ್ಟರ್’ ಎಂದು ಕರೆಸಿಕೊಳ್ಳುವುದು ಇದ್ದಿಲಿನ ಪುಡಿ ಸವರಿದ ತೆಳುವಾದ ಕಪ್ಪು ಸ್ಪಂಜು ಅಥವಾ ಬಟ್ಟೆ. ಕೈಯಲ್ಲಿ ಹಿಡಿದರೆ ಒಂದು ಕರವಸ್ತ್ರದಷ್ಟು ಹಗುರ. ಒಂದು ಲೆಕ್ಕ ಹಾಕಿ ನೋಡೋಣ. ರೋಗಿಯ ಕೋಣೆಯಲ್ಲಿ ದಿನಕ್ಕೆ ಕಾಲು ಗ್ರಾಂನಷ್ಟು ವಾಸನೆಯ ಅನಿಲ ಹುಟ್ಟುತ್ತದೆಂದು ಇಟ್ಟುಕೊಳ್ಳೋಣ. ಮನೆಯ ಗಾಳಿಯಲ್ಲಿ ಈ ಅನಿಲಗಳ ಸಾಂದ್ರತೆ ಬಹಳ ಕಡಿಮೆಯಾದ್ದರಿಂದ ಇದ್ದಿಲು ತನ್ನ ತೂಕದ ನೂರರಲ್ಲಿ ಎರಡು ಮೂರು ಪಾಲಿನಷ್ಟನ್ನು ಹಿಡಿದರೆ ಅದೇ ದೊಡ್ಡದು. ಹಾಗಾದರೆ 100 ಗ್ರಾಂ ಇದ್ದಿಲು ಎರಡು ಮೂರು ಗ್ರಾಂ ಹಿಡಿದು, ಹತ್ತು ಹನ್ನೆರಡು ದಿನಗಳಲ್ಲಿ ತುಂಬಿಹೋಗುತ್ತದೆ. ಎರಡು ಕಿಲೋ ಗುಂಡು ಇದ್ದಿಲು ಇರುವ ಯಂತ್ರವಾದರೆ ಅದೇ ಕೆಲಸವನ್ನು ಏಳೆಂಟು ತಿಂಗಳು ಮಾಡೀತು. ಕೈಪಿಡಿಯಲ್ಲಿ ‘ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಿ’ ಎಂದಿದ್ದರೆ ಅದು ಬಹುತೇಕ ಧೂಳಿನ ಫಿಲ್ಟರಿಗೆ ಹೊಂದುವ ಮಾತು. ನಮ್ಮ ಲೆಕ್ಕದಲ್ಲಿ ಊಹೆಯ ಅಂಕಿಗಳಿವೆ ನಿಜ. ಆದರೆ ಇದ್ದಿಲಿನ ತೂಕವೇ ಆಯುಷ್ಯವನ್ನು ನಿರ್ಧರಿಸುತ್ತದೆ ಎಂಬುದಂತೂ ಊಹೆಯಲ್ಲ. ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಇದರಲ್ಲಿ ಇದ್ದಿಲು ಎಷ್ಟು ಗ್ರಾಂ ಇದೆ?’ ಎಂಬುದೇ. ಉತ್ತರ ಬಾರದಿದ್ದರೆ ಫಿಲ್ಟರನ್ನು ತೆಗೆಸಿ ಕೈಯಲ್ಲಿ ತೂಗಿ ನೋಡಬೇಕು. ಅಲುಗಿಸಿದಾಗ ಕಾಳುಗಳ ಸದ್ದು ಕೇಳಿಸಬೇಕು. ಔಷಧದ ಸೀಸೆಯ ಮೇಲೆ ಪ್ರಮಾಣ ಬರೆಯುವುದನ್ನು ಕಡ್ಡಾಯ ಮಾಡಿರುವಾಗ, ಇದ್ದಿಲಿನ ಹೆಸರಿನಲ್ಲಿ ಮಾರುವ ಯಂತ್ರದ ಮೇಲೆ ಇದ್ದಿಲಿನ ತೂಕ ಬರೆಯದೆ ಇರಲು ಅವಕಾಶ ಕೊಟ್ಟಿರುವುದು ಸರಿಯಲ್ಲವೆಂಬುದು ನಮ್ಮ ಖಚಿತ ಮತ.

ಮೂರನೆಯ ಮಿತಿ ಮಳೆಗಾಲದ್ದು. ಗಾಳಿಯಲ್ಲಿ ತೇವ ಹೆಚ್ಚಾದಾಗ ನೀರಿನ ಅಣುಗಳೇ ರಂಧ್ರಗಳನ್ನು ತುಂಬಿಕೊಂಡು ವಾಸನೆಗೆ ಜಾಗ ಉಳಿಸುವುದಿಲ್ಲ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಆಷಾಢ ಶ್ರಾವಣಗಳಲ್ಲಿ, ಅಂದರೆ ಯಂತ್ರದ ಅವಶ್ಯಕತೆ ಅತಿ ಹೆಚ್ಚಾಗಿರುವ ದಿನಗಳಲ್ಲೇ, ಇದ್ದಿಲಿನ ಶಕ್ತಿ ಕುಂದಿರುತ್ತದೆ. ತುಂಬಿದ ಇದ್ದಿಲು ಸುಮ್ಮನಿರುವುದೂ ಇಲ್ಲ. ಕೋಣೆ ಬಿಸಿಯಾದಾಗ, ಅಥವಾ ಹೆಚ್ಚು ಗಟ್ಟಿಯಾಗಿ ಅಂಟುವ ಮತ್ತೊಂದು ಅನಿಲ ಬಂದು ನೂಕಿದಾಗ, ಹಿಂದೆ ಹಿಡಿದಿದ್ದನ್ನು ಮತ್ತೆ ಕೋಣೆಗೇ ಬಿಡುತ್ತದೆ. ಯಂತ್ರ ಹಚ್ಚಿದ ಮೊದಲ ನಿಮಿಷದಲ್ಲೇ ಹುಳಿ ಬಟ್ಟೆಯಂಥ ವಾಸನೆ ಬಂದರೆ ಫಿಲ್ಟರಿನ ಕಾಲ ಮುಗಿದಿದೆ ಎಂದರ್ಥ. ಅದನ್ನು ತೊಳೆದು ಬಳಸುವುದು, ಬಿಸಿಲಿಗೆ ಹಾಕಿ ಮತ್ತೆ ಜೋಡಿಸುವುದು ನಮ್ಮ ಮನೆಗಳ ಮಿತವ್ಯಯದ ಅಭ್ಯಾಸಕ್ಕೆ ಸಹಜವಾಗಿ ತೋರುತ್ತದೆ. ಆದರೆ ಇದ್ದಿಲನ್ನು ನಿಜವಾಗಿ ಬರಿದುಮಾಡಲು ನೂರಾರು ಡಿಗ್ರಿ ಶಾಖ ಬೇಕು, ಅಂಗಳದ ಬಿಸಿಲು ಸಾಲದು.

ಇಷ್ಟು ಮಿತಿಗಳಿದ್ದರೂ ಇದ್ದಿಲಿನ ಯಂತ್ರದ ಬಗ್ಗೆ ಒಂದು ಮಾತನ್ನು ನಿಸ್ಸಂದೇಹವಾಗಿ ಹೇಳಬಹುದು: ಅದು ಕೆಲಸ ಮಾಡದಿದ್ದರೆ ಹಣ ಹೋಗುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ. ಓಝೋನ್ ಯಂತ್ರದ ಮಾತು ಹಾಗಲ್ಲ.

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿವೆ, ಓಝೋನಿನಲ್ಲಿ ಮೂರು. ಆ ಮೂರನೆಯದು ನೆಲೆಯಾಗಿ ನಿಲ್ಲದೆ, ಎದುರು ಸಿಕ್ಕಿದ್ದನ್ನು ಹಿಡಿದು ಸುಡುವ ಸ್ವಭಾವದ್ದು. ಸಿಡಿಲು ಬಡಿದ ಬಳಿಕ ಗಾಳಿಯಲ್ಲಿ ಬರುವ ಚುರುಕಾದ ವಾಸನೆ, ಹಳೆಯ ಜೆರಾಕ್ಸ್ ಯಂತ್ರ ಎಡೆಬಿಡದೆ ನಡೆಯುವ ಅಂಗಡಿಯ ವಾಸನೆ ಇದರದೇ. 1840ರ ಸುಮಾರಿಗೆ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಷೋನ್‌ಬೈನ್ ಇದಕ್ಕೆ ಹೆಸರಿಡುವಾಗ ‘ವಾಸನೆ ಬೀರು’ ಎಂಬ ಅರ್ಥದ ಗ್ರೀಕ್ ಪದವನ್ನೇ ಆರಿಸಿಕೊಂಡರು. ವಾಸನೆ ಕಳೆಯಲೆಂದು ಮಾರಾಟವಾಗುತ್ತಿರುವ ಅನಿಲದ ಹೆಸರೇ ವಾಸನೆಯೆಂದಾಗಿರುವುದು ವಿಚಿತ್ರ.

ಆಕಾಶದ ಎತ್ತರದಲ್ಲಿ ಓಝೋನ್ ಪದರವು ಸೂರ್ಯನ ತೀಕ್ಷ್ಣ ಕಿರಣಗಳಿಂದ ನಮ್ಮನ್ನು ಕಾಯುತ್ತದೆಂದು ಮಕ್ಕಳ ಪಠ್ಯಪುಸ್ತಕದಲ್ಲಿದೆ. ಮಾರುವವರು ಆ ಪುಣ್ಯದ ಹೆಸರನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಆದರೆ ಅದು ನೆಲದಿಂದ ಹತ್ತಾರು ಕಿಲೋಮೀಟರ್ ಮೇಲಿದ್ದಾಗ ಮಾತ್ರ ರಕ್ಷಕ. ಉಸಿರಿನೊಂದಿಗೆ ಒಳಬಂದಾಗ ಶ್ವಾಸಕೋಶದ ಒಳಪೊರೆಯನ್ನು ಕೆರಳಿಸುತ್ತದೆ. ನೀರಿನಲ್ಲಿ ಸುಲಭವಾಗಿ ಕರಗದ ಅನಿಲವಾದ್ದರಿಂದ ಅದು ಮೂಗು ಗಂಟಲುಗಳ ತೇವದಲ್ಲಿ ಪೂರ್ತಿಯಾಗಿ ಉಳಿಯದೆ ಶ್ವಾಸಕೋಶದ ಆಳದವರೆಗೂ ಇಳಿಯುತ್ತದೆ. ಕೆಮ್ಮು, ಗಂಟಲ ಕೆರೆತ, ಎದೆ ಬಿಗಿತ, ದೀರ್ಘವಾಗಿ ಉಸಿರೆಳೆದಾಗ ನೋವು ಇದರ ಲಕ್ಷಣಗಳು. ಉಬ್ಬಸವಿದ್ದವರಿಗೆ ಇದರಿಂದ ಉಬ್ಬಸ ಏಳಬಹುದು. ಕೆಲವರಲ್ಲಿ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸುವುದರಿಂದ ಮನೆಯವರು ಅದನ್ನು ಯಂತ್ರಕ್ಕೆ ಜೋಡಿಸಿ ನೋಡುವುದೇ ಇಲ್ಲ. ಹವಾಮಾನವನ್ನೋ ಮೊಸರನ್ನೋ ದೂರುತ್ತಾರೆ.

ಎಷ್ಟು ಓಝೋನ್ ಇದ್ದರೆ ಹೆಚ್ಚು? ನಮ್ಮ ದೇಶದಲ್ಲಿ 2009ರಲ್ಲಿ ಪ್ರಕಟವಾದ ಹೊರಗಾಳಿಯ ಮಾನಕದಂತೆ ಎಂಟು ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 100 ಮೈಕ್ರೊಗ್ರಾಂಗಿಂತ ಹೆಚ್ಚು ಓಝೋನ್ ಇರಬಾರದು. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. ಈಗ ಪತ್ರ ಬರೆದವರ ಕೋಣೆಯನ್ನೇ ತೆಗೆದುಕೊಳ್ಳೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರವೆಂದರೆ ಸುಮಾರು 34 ಘನ ಮೀಟರ್ ಗಾಳಿ. ಇಡೀ ಕೋಣೆಯಲ್ಲಿ 3.4 ಮಿಲಿಗ್ರಾಂ ಓಝೋನ್ ಸೇರಿದರೆ ಮಾನಕದ ಅಂಚು ಮುಟ್ಟಿದಂತೆ. ಅದು ಒಂದು ಉಪ್ಪಿನ ಚಿಟಿಕೆಯ ಅತ್ಯಲ್ಪ ಭಾಗ. ಗಂಟೆಗೆ 200 ಮಿಲಿಗ್ರಾಂ ಓಝೋನ್ ಹೊರಬಿಡುವ ಸಣ್ಣ ಯಂತ್ರವೊಂದು ಇಷ್ಟನ್ನು ಸುಮಾರು ಒಂದು ನಿಮಿಷದಲ್ಲಿ ಸುರಿಯುತ್ತದೆ. ಗಂಟೆಗೆ 10 ಗ್ರಾಂ ಎಂದು ಹೆಮ್ಮೆಯಿಂದ ಬರೆದುಕೊಂಡ ದೊಡ್ಡ ಯಂತ್ರಕ್ಕೆ ಎರಡು ಸೆಕೆಂಡು ಸಹ ಬೇಡ.

ಓಝೋನ್ ತಾನೇ ಕರಗಿಹೋಗುತ್ತದಲ್ಲ ಎಂಬ ವಾದವಿದೆ. ಅದು ನಿಜವೇ. ಗೋಡೆ, ಬಟ್ಟೆ, ಹಾಸಿಗೆಗಳನ್ನು ತಾಗಿ ಮನೆಯೊಳಗಿನ ಓಝೋನ್ ಹತ್ತು ಹದಿನೈದು ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆದರೆ ಯಂತ್ರ ನಡೆಯುತ್ತಿರುವಷ್ಟು ಹೊತ್ತು ಹೊಸದು ಸುರಿಯುತ್ತಲೇ ಇರುತ್ತದೆ. ತೂತಿರುವ ಕೊಡಕ್ಕೆ ನಲ್ಲಿ ಬಿಟ್ಟಂತೆ, ಸೋರುವುದನ್ನು ಕಳೆದ ಮೇಲೂ ಒಂದು ಮಟ್ಟ ನಿಲ್ಲುತ್ತದೆ. ಮೇಲಿನ 200 ಮಿಲಿಗ್ರಾಂನ ಸಣ್ಣ ಯಂತ್ರಕ್ಕೆ, ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ, ಈ ಸೋರಿಕೆಯನ್ನೆಲ್ಲ ಕಳೆದು ಲೆಕ್ಕ ಹಾಕಿದರೂ ಮಾನಕದ ಸುಮಾರು ಹದಿನೈದು ಇಪ್ಪತ್ತು ಪಟ್ಟು ಓಝೋನ್ ನಿಲ್ಲುತ್ತದೆ. ಅಲ್ಲಿ ಮಲಗಿರುವವರು ಎದ್ದು ಹೊರಗೆ ಹೋಗಲಾರದ, ಉಬ್ಬಸವಿರುವ ವೃದ್ಧೆ.

ಇಷ್ಟು ಅಪಾಯ ಹೊತ್ತರೂ ವಾಸನೆಯಾದರೂ ಹೋಗುತ್ತದೆಯೇ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಯಂತ್ರಗಳ ಕುರಿತು ಸಾರ್ವಜನಿಕರಿಗಾಗಿ ಪ್ರಕಟಿಸಿದ ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಿದೆ: ಆರೋಗ್ಯಕ್ಕೆ ಹಾನಿಯಾಗದ ಮಟ್ಟದಲ್ಲಿ ಓಝೋನನ್ನು ಇರಿಸಿದರೆ ಅದು ಒಳಗಾಳಿಯ ಮಾಲಿನ್ಯವನ್ನು ತೆಗೆಯುವುದು ತೀರ ಅಲ್ಪ. ಅನೇಕ ರಾಸಾಯನಿಕಗಳೊಂದಿಗೆ ಅದರ ಕ್ರಿಯೆ ಮುಗಿಯಲು ತಿಂಗಳುಗಳು, ವರ್ಷಗಳು ಬೇಕಾಗುತ್ತವೆ. ಫಾರ್ಮಾಲ್ಡಿಹೈಡ್ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಅದರ ಪ್ರಮಾಣ ಕಡಿಮೆಯಾಗಲೇ ಇಲ್ಲವೆಂದೂ, ಮೈಬೆವರಿನ ವಾಸನೆಯನ್ನು ಓಝೋನಿನ ವಾಸನೆ ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲವೆಂದೂ ಅಲ್ಲಿ ದಾಖಲಾಗಿದೆ. ಗಾಳಿಯಲ್ಲಿರುವ ಅಮೋನಿಯಾವನ್ನಂತೂ ಅದು ಮುಟ್ಟುವುದು ಬಹಳ ನಿಧಾನ. ಹಾಗಾದರೆ ಬಳಸಿದವರು ‘ವಾಸನೆ ಹೋಯಿತು’ ಎನ್ನುವುದೇಕೆ? ಒಂದು ತೀಕ್ಷ್ಣ ವಾಸನೆ ಇನ್ನೊಂದನ್ನು ಅಡಗಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೂಗು ಆ ತೀಕ್ಷ್ಣ ವಾಸನೆಗೂ ಒಗ್ಗಿಬಿಡುತ್ತದೆ. ಎರಡೂ ಹೋದಂತೆ ತೋರುತ್ತದೆ, ಎರಡೂ ಅಲ್ಲೇ ಇರುತ್ತವೆ.

ಅದು ಬೇಗನೆ ಒಡೆಯುವ ವಾಸನೆಗಳೂ ಇವೆ. ನಿಂಬೆಯ ಪರಿಮಳದ ನೆಲ ಒರೆಸುವ ದ್ರವ, ಬಿಳಿ ಫಿನಾಯಿಲಿನಲ್ಲಿರುವ ಪೈನ್ ಎಣ್ಣೆ ಇಂಥವು. ಇಲ್ಲಿ ಹೊಸ ಕೇಡು ಹುಟ್ಟುತ್ತದೆ. ಇವುಗಳೊಂದಿಗೆ ಓಝೋನ್ ಕೂಡಿದಾಗ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳು ಉಂಟಾಗುತ್ತವೆ. ಇರದಿದ್ದ ಮಾಲಿನ್ಯವನ್ನು ಶುದ್ಧಿಯ ಹೆಸರಿನಲ್ಲಿ ಕೋಣೆಯೊಳಗೇ ತಯಾರಿಸಿದಂತಾಯಿತು. ರೋಗಿಯ ಕೋಣೆಯನ್ನು ದಿನಕ್ಕೆರಡು ಬಾರಿ ಫಿನಾಯಿಲ್ ಹಾಕಿ ಒರೆಸುವ ಮನೆಗಳಲ್ಲಿ ಇದು ದೂರದ ಮಾತಲ್ಲ.

ಕ್ಯಾಲಿಫೋರ್ನಿಯಾ ರಾಜ್ಯವು 2006ರಲ್ಲಿ ಕಾಯಿದೆ ಮಾಡಿ, 2010ರಿಂದ ಅಲ್ಲಿ ಮಾರುವ ಮನೆಬಳಕೆಯ ವಾಯುಶುದ್ಧಿ ಯಂತ್ರಗಳ ಓಝೋನ್ ಹೊರಸೂಸುವಿಕೆಗೆ ಬಿಗಿಯಾದ ಮಿತಿ ಹಾಕಿದೆ. ಆ ಮಿತಿಯೂ ಹೆಚ್ಚು ಕಡಿಮೆ ಒಂದು ಘನ ಮೀಟರ್‌ಗೆ 100 ಮೈಕ್ರೊಗ್ರಾಂ ಎಂದೇ ಆಗುತ್ತದೆ. ಬೆಂಕಿ ಬಿದ್ದ ಮನೆಯ ಹೊಗೆವಾಸನೆ ಕಳೆಯಲು ವೃತ್ತಿನಿರತರು ಓಝೋನ್ ಬಳಸುವುದುಂಟು. ಆಗ ಮನುಷ್ಯರು, ಸಾಕುಪ್ರಾಣಿಗಳು, ಗಿಡಗಳು ಎಲ್ಲವನ್ನೂ ಹೊರಗಿರಿಸಿ, ಕೆಲಸವಾದ ಮೇಲೆ ಗಂಟೆಗಟ್ಟಲೆ ಗಾಳಿಯಾಡಲು ಬಿಡುತ್ತಾರೆ. ಆ ಕೆಲಸದ ಹತಾರವನ್ನು ಮಲಗುವ ಕೋಣೆಯ ಮೇಜಿನ ಮೇಲಿಡುವುದು ವಿವೇಕವಲ್ಲ.

ಈಗ ಆ ಕೋಣೆಯ ವಾಸನೆಗೇ ಬರೋಣ. ನಮ್ಮ ದೃಷ್ಟಿಯಲ್ಲಿ ರೋಗಿಯ ಕೋಣೆಯ ವಾಸನೆಯನ್ನು ಅಡಗಿಸುವ ಮೊದಲು ಅದು ಏನು ಹೇಳುತ್ತಿದೆ ಎಂಬುದನ್ನು ಕೇಳಬೇಕು. ಮೂತ್ರದ ವಾಸನೆ ಇದ್ದಕ್ಕಿದ್ದಂತೆ ಬದಲಾಗಿ ದುರ್ವಾಸನೆ ಬಂದರೆ, ಜೊತೆಗೆ ಜ್ವರವೋ ಮಂಕೋ ಇದ್ದರೆ, ಸೋಂಕು ಇರಬಹುದು. ಕೊಳೆತಂಥ ವಾಸನೆಯ ಮೂಲ ಬೆನ್ನ ಕೆಳಭಾಗ, ಸೊಂಟ, ಹಿಮ್ಮಡಿಗಳಲ್ಲಿ ಆಗುವ ಹಾಸಿಗೆ ಹುಣ್ಣಾಗಿರಬಹುದು. ಸಂಕೋಚದಿಂದ ಹಿರಿಯರು ಅದನ್ನು ಹೇಳಿರುವುದಿಲ್ಲ. ಮಗ್ಗುಲು ಬದಲಿಸಿ ಕಣ್ಣಾರೆ ನೋಡಿದಾಗಲೇ ತಿಳಿಯುತ್ತದೆ. ಮಧುಮೇಹಿಯ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಬಂದರೆ ಅದು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸೂಚನೆ. ವಾಸನೆಯನ್ನು ಮುಚ್ಚುವ ಯಂತ್ರ, ಧೂಪ, ಸ್ಪ್ರೇ ಯಾವುದಾದರೂ ಸರಿ, ಈ ಸೂಚನೆಗಳನ್ನೂ ಮುಚ್ಚಿಬಿಡುತ್ತದೆ.

ಹೊಸ ಮೂತ್ರಕ್ಕೆ ಹೆಚ್ಚು ಘಾಟಿರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಸೂಕ್ಷ್ಮಾಣುಗಳು ಕೆಲವು ಗಂಟೆಗಳಲ್ಲಿ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆದ್ದರಿಂದ ಒದ್ದೆಯಾದ ಬಟ್ಟೆಯನ್ನು ಕೋಣೆಯ ಮೂಲೆಯ ಬಕೆಟ್ಟಿನಲ್ಲಿ ಸಂಜೆಯವರೆಗೆ ಇಡದೆ ಕೂಡಲೇ ಹೊರಗೆ ಒಯ್ದು ನೀರಿಗೆ ಹಾಕುವುದೊಂದರಿಂದಲೇ ಅರ್ಧ ವಾಸನೆ ಇಳಿಯುತ್ತದೆ. ಹಾಸಿಗೆಗೆ ಇಳಿದ ಮೂತ್ರವೇ ಉಳಿದರ್ಧಕ್ಕೆ ಮೂಲ. ಹತ್ತಿಯ ಹಾಸಿಗೆಯ ಮೇಲೆ ನೀರು ಇಳಿಯದ ಹೊದಿಕೆ, ಅದರ ಮೇಲೆ ತೊಳೆಯಬಹುದಾದ ದುಪ್ಪಟಿ ಇರಬೇಕು. ನೆಲದಲ್ಲೋ ಮಂಚದ ಕಾಲಿನಲ್ಲೋ ಹಳೆಯ ಕಲೆ ಉಳಿದಿದ್ದರೆ ನೀರು ಬೆರೆಸಿದ ವಿನಿಗರ್‌ನಿಂದ ಒರೆಸಿದಾಗ ಅದರ ಆಮ್ಲವು ಅಮೋನಿಯಾವನ್ನು ಕಟ್ಟಿಹಾಕುತ್ತದೆ. ಆದರೆ ಮೂತ್ರದ ಮೇಲಾಗಲಿ ವಿನಿಗರ್ ಹಾಕಿದ ಜಾಗದಲ್ಲಾಗಲಿ ಬ್ಲೀಚಿಂಗ್ ಪುಡಿ ಸುರಿಯಬಾರದು. ಅವು ಕೂಡಿದಾಗ ಏಳುವ ಅನಿಲವು ಉಸಿರು ಕಟ್ಟಿಸುವಂಥದ್ದು. ಮಳೆ ಬಿಟ್ಟ ಹೊತ್ತು ನೋಡಿ ದಿನಕ್ಕೆರಡು ಬಾರಿ ಹತ್ತು ನಿಮಿಷ, ರೋಗಿಗೆ ಹೊದಿಸಿ, ಎದುರುಬದುರಿನ ಕಿಟಕಿ ಬಾಗಿಲುಗಳನ್ನು ತೆರೆದರೆ ಕೋಣೆಯ ಗಾಳಿ ಬಹುಮಟ್ಟಿಗೆ ಬದಲಾಗುತ್ತದೆ. ಕಿಟಕಿಯ ಮೇಲ್ಭಾಗದಲ್ಲಿ ಒಂದು ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ, ಇಂಥ ಕೋಣೆಗೆ ದುಬಾರಿ ಯಂತ್ರಕ್ಕಿಂತ ಅದು ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ. ಅದಕ್ಕೆ ಯಾವ ಅಣು ಹಗುರ, ಯಾವುದು ಭಾರ ಎಂಬ ಭೇದವಿಲ್ಲ.

ಇಷ್ಟಾದ ಮೇಲೆ ಎಣ್ಣೆಯ ಘಾಟು, ಮುಗ್ಗಲು ವಾಸನೆ ಉಳಿದಿದ್ದರೆ, ಕಿಲೋಗಟ್ಟಲೆ ಇದ್ದಿಲಿರುವ ಯಂತ್ರ ಕೊಳ್ಳುವ ಶಕ್ತಿಯಿದ್ದರೆ, ಕೊಳ್ಳಲಿ. ಅದರ ಫಲವನ್ನು ಕೋಣೆಯಲ್ಲೇ ಇರುವವರು ಅಳೆಯಲಾರರು, ಅವರ ಮೂಗು ಒಗ್ಗಿರುತ್ತದೆ. ಹೊರಗಿನಿಂದ ಬಂದ ನೆರೆಯವರನ್ನು ಕೇಳಬೇಕು. ಯಂತ್ರ ನಿಲ್ಲಿಸಿ ಅರ್ಧ ಗಂಟೆಯೊಳಗೆ ವಾಸನೆ ಮೊದಲಿನಂತೆಯೇ ತುಂಬಿದರೆ ಮೂಲ ಇನ್ನೂ ಕೋಣೆಯಲ್ಲೇ ಇದೆ, ಅದನ್ನು ಹುಡುಕಬೇಕು.

ಓಝೋನ್ ಯಂತ್ರವು ಆ ಹೆಸರಿನಲ್ಲೇ ಮಾರಾಟವಾಗಬೇಕೆಂದಿಲ್ಲ. ‘ಆಕ್ಟಿವ್ ಆಕ್ಸಿಜನ್’, ‘ಟ್ರೈ ಆಕ್ಸಿಜನ್’, ‘ಪರ್ವತದ ತಾಜಾ ಗಾಳಿ’ ಎಂಬ ವೇಷಗಳಲ್ಲಿ ಬರುತ್ತದೆ. ಆಮ್ಲಜನಕ ಎಂಬ ಮಾತು ಕೇಳಿ, ಉಸಿರಾಟದ ತೊಂದರೆಯಿರುವ ಹಿರಿಯರಿಗೆ ಒಳ್ಳೆಯದೆಂದು ಭಾವಿಸಿ ತರುವವರೂ ಇದ್ದಾರೆ. ವೈದ್ಯರು ಹೇಳುವ ಆಮ್ಲಜನಕಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಅಯೋನೈಸರ್’, ‘ಪ್ಲಾಸ್ಮಾ’ ಎಂಬ ಗುಂಡಿಗಳಿರುವ ಕೆಲವು ಯಂತ್ರಗಳೂ ಉಪಫಲವಾಗಿ ಸ್ವಲ್ಪ ಓಝೋನ್ ಬಿಡುತ್ತವೆ. ಇದ್ದಿಲಿನ ಯಂತ್ರದಲ್ಲಿ ಅಂಥ ಗುಂಡಿಯಿದ್ದರೆ ಆರಿಸಿಯೇ ಇಡುವುದು ಲೇಸು. ತರಕಾರಿ ತೊಳೆಯಲು ನೀರಿನಲ್ಲಿ ಓಝೋನ್ ಗುಳ್ಳೆ ಬಿಡುವ ಉಪಕರಣವೂ ಅಡುಗೆಮನೆಯ ಗಾಳಿಗೆ ಅದನ್ನು ಸೇರಿಸುತ್ತದೆ. ಯಂತ್ರ ನಡೆಯುವಾಗ ಸಿಡಿಲಿನ ಬಳಿಕದಂಥ ವಾಸನೆ ಬಂದರೆ ಅನುಮಾನಪಡಬೇಕು. ಹಿಗ್ಗಿಸಿ ಕಟ್ಟಿದ ರಬ್ಬರ್ ಬ್ಯಾಂಡ್ ಆ ಕೋಣೆಯಲ್ಲಿ ಕೆಲವೇ ದಿನಗಳಲ್ಲಿ ಬಿರುಕು ಬಿಟ್ಟರೆ ಅನುಮಾನ ಗಟ್ಟಿಯಾಗುತ್ತದೆ, ಏಕೆಂದರೆ ಓಝೋನ್ ರಬ್ಬರನ್ನು ಸೀಳುತ್ತದೆ.

ಈಗಾಗಲೇ ಇಂಥ ಯಂತ್ರ ಮನೆಯಲ್ಲಿ ನಡೆಯುತ್ತಿದ್ದರೆ ಮೊದಲು ಅದನ್ನು ಆರಿಸಿ, ರೋಗಿಯನ್ನು ಸಾಧ್ಯವಾದರೆ ಪಡಸಾಲೆಗೆ ಸಾಗಿಸಿ, ಕಿಟಕಿಗಳನ್ನೆಲ್ಲ ತೆರೆದಿಡಬೇಕು. ಒಂದೆರಡು ಗಂಟೆಗಳಲ್ಲಿ ಓಝೋನ್ ಉಳಿಯುವುದಿಲ್ಲ. ಕೆಮ್ಮು, ಎದೆ ಬಿಗಿತ ಅದರ ನಂತರವೂ ಮುಂದುವರಿದರೆ, ಅಥವಾ ಉಬ್ಬಸದ ಔಷಧ ಎಂದಿಗಿಂತ ಹೆಚ್ಚು ಬಾರಿ ಬೇಕಾಗುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಹೋದಾಗ ಯಾವ ಯಂತ್ರವನ್ನು ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಹಚ್ಚಿದ್ದಿರಿ ಎಂಬುದನ್ನೂ ಹೇಳಬೇಕು. ಅವರಾಗಿ ಅದನ್ನು ಕೇಳಲಿಕ್ಕಿಲ್ಲ.